ತೊಗರಿಯ ಐದು ಸಾಲು: ಪ್ರಣಾಳಿಕೆಯನ್ನು ಲೆಕ್ಕ ಹಾಕಿ ಓದುವುದು

ಕಲಬುರಗಿ ಸೀಮೆಗೆ ಸಂಬಂಧಿಸಿದ ಯಾವುದೇ ಪಕ್ಷದ ಪ್ರಣಾಳಿಕೆ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ತೊಗರಿಯ ಪುಟವನ್ನು. ಈ ಜಿಲ್ಲೆಯ ಹೊಲಗಳಲ್ಲಿ ಹೆಚ್ಚಿನ ಪಾಲು ಆ ಬೆಳೆಯದ್ದು. ಸಾಲ ತೀರುವುದು, ಮಗಳ ಮದುವೆ ನಡೆಯುವುದು, ಮಗನ ಕಾಲೇಜು ಶುಲ್ಕ ಕಟ್ಟುವುದು ಎಲ್ಲವೂ ರಾಶಿ ಮುಗಿದ ಮೇಲೆ ಸಿಗುವ ದರದ ಮೇಲೆ ನಿಂತಿವೆ. ಆದ್ದರಿಂದಲೇ ಪ್ರಣಾಳಿಕೆ ಬರೆಯುವವರು ಈ ಪುಟದಲ್ಲಿ ಧಾರಾಳವಾಗುತ್ತಾರೆ. ಓದುವ ನಾವು ಅಲ್ಲಿಯೇ ಪೆನ್ಸಿಲ್ ಹಿಡಿದು ಕೂರಬೇಕು.

ಕೆಳಗಿನ ಐದು ಸಾಲುಗಳು ಯಾವ ಪಕ್ಷದ ಪ್ರಣಾಳಿಕೆಯಿಂದಲೂ ಎತ್ತಿಕೊಂಡವಲ್ಲ. ಇಂಥ ಪುಟಗಳ ಧಾಟಿಯನ್ನು ಅನುಸರಿಸಿ, ಪರಿಶೀಲನೆ ಹೇಗೆ ನಡೆಯುತ್ತದೆ ಎಂದು ತೋರಿಸಲು ನಾನೇ ಕಟ್ಟಿದ ಮಾದರಿ ಇದು.

"ತೊಗರಿ ಬೆಳೆಗಾರರ ಬದುಕನ್ನು ಹಸನುಗೊಳಿಸಲು ಸಮಗ್ರ ಕ್ರಮ ಕೈಗೊಳ್ಳುತ್ತೇವೆ. ರೈತರು ಬೆಳೆದ ಎಲ್ಲ ತೊಗರಿಯನ್ನು ಕ್ವಿಂಟಲ್‌ಗೆ ₹10,000 ದರದಲ್ಲಿ ಖರೀದಿಸುತ್ತೇವೆ. ಬಡ ಕುಟುಂಬಗಳಿಗೆ ಪಡಿತರದಲ್ಲಿ ತಿಂಗಳಿಗೆ ಒಂದು ಕೆ.ಜಿ. ತೊಗರಿಬೇಳೆಯನ್ನು ₹50ಕ್ಕೆ ಕೊಡುತ್ತೇವೆ. ಮುಚ್ಚಿಹೋಗುತ್ತಿರುವ ದಾಲ್‌ಮಿಲ್‌ಗಳಿಗೆ ಕೈಗೆಟುಕುವ ದರದಲ್ಲಿ ತೊಗರಿ ಸಿಗುವಂತೆ ಮಾಡುತ್ತೇವೆ. ಒಂದೇ ಬೆಳೆಯ ಅವಲಂಬನೆ ತಪ್ಪಿಸಿ ಬೆಳೆ ವೈವಿಧ್ಯ ತರುತ್ತೇವೆ."

ಒಂದೊಂದೇ ಸಾಲನ್ನು ಓದಿದರೆ ಯಾವುದಕ್ಕೂ ಬೇಡ ಎನ್ನುವಂತಿಲ್ಲ. ರೈತ, ಬಡವರ ಅಡುಗೆಮನೆ, ಗಿರಣಿ, ಮಣ್ಣು ನಾಲ್ಕಕ್ಕೂ ಇಲ್ಲಿ ಪಾಲಿದೆ. ಐದನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ತೊಡಕು ಕಾಣುತ್ತದೆ.

ಮೊದಲ ಸಾಲಿನಿಂದ ಶುರು ಮಾಡೋಣ. "ಹಸನುಗೊಳಿಸುವುದು", "ಸಮಗ್ರ ಕ್ರಮ" ಎಂಬ ಮಾತುಗಳಿಗೆ ಅಳತೆಗೋಲು ಇಲ್ಲ. ನಾನು ಇಂಥ ಸಾಲಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಐದು ವರ್ಷಗಳ ನಂತರ ಇದು ಈಡೇರಲಿಲ್ಲ ಎಂದು ಯಾರಾದರೂ ಸಾಬೀತು ಮಾಡಬಹುದೇ? ಆಗದು ಎಂದಾದರೆ ಅದು ಭರವಸೆಯಲ್ಲ, ಹಾರೈಕೆ. ಅಂಥ ಸಾಲನ್ನು ಗೆರೆ ಎಳೆದು ಪಕ್ಕಕ್ಕಿಡಬಹುದು, ಅದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಅಂಕಿ ಇದ್ದೂ ಅಳೆಯಲಾಗದ ಭರವಸೆಗಳ ಬಗ್ಗೆ. 2022ರ ಹೊತ್ತಿಗೆ ರೈತರ ಆದಾಯ ದುಪ್ಪಟ್ಟು ಎಂಬ ಗುರಿಯನ್ನು ಕೇಂದ್ರ ಸರ್ಕಾರ 2016ರಲ್ಲಿ ಹಾಕಿಕೊಂಡಿತು. ಎಷ್ಟು ಪಟ್ಟು ಎಂಬುದು ಅದರಲ್ಲಿತ್ತು, ಗಡುವೂ ಇತ್ತು. ರೈತ ಕುಟುಂಬದ ಆದಾಯವನ್ನು ಲೆಕ್ಕ ಹಾಕುವ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2012-13ರಲ್ಲಿ ಅದು ತಿಂಗಳಿಗೆ ₹6,426, 2018-19ರಲ್ಲಿ ₹10,218. ಗುರಿಯ ವರ್ಷವಾದ 2022ಕ್ಕೆ ಅದೇ ಬಗೆಯ ಸಮೀಕ್ಷೆ ನಡೆಯಲಿಲ್ಲ. ಬೆಲೆ ಏರಿಕೆಯನ್ನು ಕಳೆದು ಲೆಕ್ಕ ಹಾಕಬೇಕೋ ಬೇಡವೋ ಎಂಬ ಚರ್ಚೆಯೂ ಜನರ ನಡುವೆ ಇತ್ಯರ್ಥವಾಗಲಿಲ್ಲ. ಆದ್ದರಿಂದ ಗುರಿ ಮುಟ್ಟಿತು ಎನ್ನುವವರೂ ಮುಟ್ಟಲಿಲ್ಲ ಎನ್ನುವವರೂ ತಂತಮ್ಮ ಅಂಕಿ ಹಿಡಿದು ವಾದಿಸಬಲ್ಲರು. ಅಂಕಿಯ ಜೊತೆಗೆ ಎಲ್ಲಿಂದ ಎಣಿಕೆ ಶುರು, ಎಣಿಸುವವರು ಯಾರು, ಯಾವಾಗ ಎಂಬುದೂ ಬರೆದಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಇನ್ನೊಂದು ಬಗೆ ನಮ್ಮ ಊರಿನಲ್ಲೇ ಕಾಣುತ್ತದೆ. "ಇಷ್ಟು ನೂರು ಖರೀದಿ ಕೇಂದ್ರ ತೆರೆಯುತ್ತೇವೆ" ಎಂಬ ಸಾಲನ್ನು ಸುಲಭವಾಗಿ ಎಣಿಸಬಹುದು. ಆದರೆ ಎಣಿಸಬೇಕಾದದ್ದು ಕೇಂದ್ರಗಳ ಸಂಖ್ಯೆಯನ್ನಲ್ಲ, ಅವು ತೆರೆಯುವ ದಿನವನ್ನು. ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ ನಡೆಯುತ್ತದೆ. ನಾಲ್ಕು ಎಕರೆಯ ರೈತನಿಗೆ ಕೂಲಿ, ಗೊಬ್ಬರದ ಬಾಕಿ, ಕೈಸಾಲ ಎಲ್ಲವೂ ಅದೇ ಹೊತ್ತಿಗೆ ಎದುರು ನಿಲ್ಲುತ್ತವೆ. ನೋಂದಣಿ, ಆದೇಶ, ಗೋಣಿಚೀಲ ಎಂದು ಖರೀದಿ ತಡವಾದರೆ ಅವನು ಕಾಯುವುದಿಲ್ಲ. ನೆಹರು ಗಂಜ್‌ನ ಅಡತಿ ಅಂಗಡಿಗೋ ಊರಿಗೆ ಬಂದ ವ್ಯಾಪಾರಿಗೋ ಮಾರಿಬಿಡುತ್ತಾನೆ. ಕೇಂದ್ರ ಬಾಗಿಲು ತೆರೆಯುವಾಗ ಕಾಳು ಉಳಿದಿರುವುದು ಕೂಡಿಡುವ ಶಕ್ತಿ ಇದ್ದವರ ಬಳಿ. ಹೀಗೆ ಸಂಖ್ಯೆಯ ಭರವಸೆ ಪೂರ್ತಿ ಈಡೇರಿಯೂ ಅದು ಯಾರಿಗಾಗಿ ಇತ್ತೋ ಅವರನ್ನು ಮುಟ್ಟದೇ ಹೋಗಬಹುದು.

ಎರಡನೆಯ ಸಾಲಿಗೆ ಬರೋಣ, ಈ ಪುಟದ ಭಾರವೆಲ್ಲ ಅದರ ಮೇಲಿದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,000. ಬೆಂಬಲ ಬೆಲೆ ಯೋಜನೆಯಡಿ ನಾಫೆಡ್‌ನಂಥ ಕೇಂದ್ರದ ಸಂಸ್ಥೆಗಳ ಪರವಾಗಿ ಖರೀದಿ ನಡೆಯುತ್ತದೆ. ಎಷ್ಟು ಪ್ರಮಾಣಕ್ಕೆ ಕೇಂದ್ರ ಅನುಮತಿ ಕೊಡುತ್ತದೋ ಅಷ್ಟಕ್ಕೆ ಮಾತ್ರ ಅದರ ಹಣ. ಬೆಂಬಲ ಬೆಲೆಗಿಂತ ಹೆಚ್ಚು ಕೊಡುವುದಾದರೆ ಆ ಅಂತರ ರಾಜ್ಯದ ಬೊಕ್ಕಸದಿಂದ ಬರಬೇಕು. ಹಿಂದಿನ ಹಂಗಾಮಿನಲ್ಲಿ ಬೆಂಬಲ ಬೆಲೆ ₹7,550 ಇದ್ದಾಗ ರಾಜ್ಯ ಸರ್ಕಾರ ₹450 ಪ್ರೋತ್ಸಾಹಧನ ಸೇರಿಸಿತು. ಖರೀದಿಗೆ ಅನುಮತಿ ಸಿಕ್ಕಿದ್ದು ಸುಮಾರು 3 ಲಕ್ಷ ಟನ್‌ಗೆ. 3 ಲಕ್ಷ ಟನ್ ಎಂದರೆ 30 ಲಕ್ಷ ಕ್ವಿಂಟಲ್. ಅದಕ್ಕೆ ₹450ರಂತೆ ₹135 ಕೋಟಿ. ಈ ಲೆಕ್ಕ ನೆನಪಿನಲ್ಲಿದ್ದರೆ ಸಾಕು, ಉಳಿದದ್ದನ್ನು ಯಾರು ಬೇಕಾದರೂ ಹಾಕಬಹುದು. ಒಂದು ಲಕ್ಷ ಟನ್‌ಗೆ ಕ್ವಿಂಟಲ್ ಮೇಲೆ ಪ್ರತಿ ₹100 ಹೆಚ್ಚಿಸಿದರೆ ₹10 ಕೋಟಿ.

ಈಗ ಮಾದರಿಯ ₹10,000. ಬೆಂಬಲ ಬೆಲೆಯ ಮೇಲೆ ₹2,000 ಅಂತರ. ಕೇಂದ್ರದ ಅನುಮತಿ ಹಿಂದಿನಂತೆ 3 ಲಕ್ಷ ಟನ್ ಎಂದಿಟ್ಟುಕೊಂಡರೆ ಅಷ್ಟಕ್ಕೆ ₹600 ಕೋಟಿ. ಆದರೆ ಸಾಲಿನಲ್ಲಿ "ಎಲ್ಲ ತೊಗರಿ" ಎಂದಿದೆ. ಮಾರಾಟಕ್ಕೆ ಬರುವ ಒಟ್ಟು ಪ್ರಮಾಣವನ್ನು ಲೆಕ್ಕದ ಅನುಕೂಲಕ್ಕೆ 10 ಲಕ್ಷ ಟನ್ ಎಂದುಕೊಳ್ಳೋಣ. ಉಳಿದ 7 ಲಕ್ಷ ಟನ್ನನ್ನು ರಾಜ್ಯವೇ ಕೊಳ್ಳಬೇಕು. ಅದಕ್ಕೆ ಒಂದೆರಡು ತಿಂಗಳೊಳಗೆ ₹7,000 ಕೋಟಿ ನಗದು ಹೊಂದಿಸಬೇಕು. ಕೊಂಡದ್ದನ್ನು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ₹7,000 ದರಕ್ಕೆ ಮಾರಿದರೆ ಪ್ರತಿ ಕ್ವಿಂಟಲ್‌ಗೆ ₹3,000 ನಷ್ಟ, ಒಟ್ಟು ₹2,100 ಕೋಟಿ. ಎರಡೂ ಸೇರಿ ₹2,700 ಕೋಟಿ. ಗೋದಾಮು, ಚೀಲ, ಹಮಾಲಿ, ಬಡ್ಡಿ ಇದರಲ್ಲಿಲ್ಲ. ಇದು ಒಮ್ಮೆ ಕೊಟ್ಟು ಮುಗಿಯುವ ಹಣವೂ ಅಲ್ಲ, ಪ್ರತಿ ವರ್ಷದ ಖರ್ಚು.

ಮೂರನೆಯ ಸಾಲಿಗೂ ಅದೇ ಬಗೆಯ ಲೆಕ್ಕ. ನೂರು ಕೆ.ಜಿ. ತೊಗರಿಯನ್ನು ಗಿರಣಿಗೆ ಹಾಕಿದರೆ ಸುಮಾರು ಎಪ್ಪತ್ತು ಕೆ.ಜಿ. ಬೇಳೆ ಬರುತ್ತದೆ, ಉಳಿದದ್ದು ಹೊಟ್ಟು, ಚುನ್ನಿ, ನುಚ್ಚು. ತೊಗರಿಗೆ ₹10,000 ಕೊಟ್ಟರೆ ಬೇಳೆಯ ಅಸಲೇ ಕೆ.ಜಿ.ಗೆ ₹143 ಆಗುತ್ತದೆ. ಹೊಟ್ಟು, ಚುನ್ನಿ ಮಾರಿ ಬರುವುದನ್ನು ಕಳೆದು, ಗಿರಣಿ, ಚೀಲ, ಸಾಗಣೆಯ ಖರ್ಚು ಸೇರಿಸಿ ₹150 ಎನ್ನೋಣ. ಅದನ್ನು ₹50ಕ್ಕೆ ಕೊಟ್ಟರೆ ಕೆ.ಜಿ.ಗೆ ₹100 ಸರ್ಕಾರ ಭರಿಸಬೇಕು. ಒಂದು ಕೋಟಿ ಕಾರ್ಡುಗಳೆಂದು ಹಿಡಿದರೂ ವರ್ಷಕ್ಕೆ 12 ಕೋಟಿ ಕೆ.ಜಿ. ಬೇಳೆ, ₹1,200 ಕೋಟಿ.

ಇಲ್ಲಿ ಪರಿಶೀಲಿಸುವವರೂ ತಪ್ಪು ಮಾಡುವುದುಂಟು. ₹2,700 ಕೋಟಿಗೆ ₹1,200 ಕೋಟಿ ಕೂಡಿಸಿ ₹3,900 ಕೋಟಿ ಎಂದು ಬರೆದುಬಿಟ್ಟರೆ ಅದು ಅನ್ಯಾಯದ ಟೀಕೆ. 12 ಕೋಟಿ ಕೆ.ಜಿ. ಬೇಳೆಗೆ ಬೇಕಾಗುವುದು ಸುಮಾರು 1.7 ಲಕ್ಷ ಟನ್ ತೊಗರಿ. ಅದನ್ನು ಸರ್ಕಾರ ತಾನು ಕೊಂಡ 7 ಲಕ್ಷ ಟನ್‌ನಿಂದಲೇ ತೆಗೆದರೆ ಅಷ್ಟನ್ನು ಮಾರುಕಟ್ಟೆಯಲ್ಲಿ ನಷ್ಟಕ್ಕೆ ಮಾರಬೇಕಿಲ್ಲ. ಹಾಗಾಗಿ ₹510 ಕೋಟಿ ಎರಡು ಸಲ ಲೆಕ್ಕಕ್ಕೆ ಬಂದಿದೆ. ಅದನ್ನು ಕಳೆದರೆ ಎರಡು ಸಾಲುಗಳ ಒಟ್ಟು ವೆಚ್ಚ ವರ್ಷಕ್ಕೆ ₹3,390 ಕೋಟಿ. ಭರವಸೆ ಕೊಡುವವರ ಲೆಕ್ಕ ಸರಿಯಿರಬೇಕು ಎನ್ನುವವರು ತಮ್ಮ ಲೆಕ್ಕವನ್ನೂ ಸರಿಯಾಗಿಟ್ಟುಕೊಳ್ಳಬೇಕು.

ಈ ಮೊತ್ತ ದೊಡ್ಡದೋ ಚಿಕ್ಕದೋ? ಹೋಲಿಕೆಗೆ ನಮ್ಮ ಭಾಗದ್ದೇ ಒಂದು ಅಂಕಿ ಇದೆ. 371(ಜೆ) ವಿಧಿಯಡಿ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ಘೋಷಣೆಯಾದ ಅನುದಾನ ವರ್ಷಕ್ಕೆ ₹5,000 ಕೋಟಿ. ಬೀದರ್‌ನಿಂದ ಬಳ್ಳಾರಿಯವರೆಗೆ ಏಳು ಜಿಲ್ಲೆಗಳ ಶಾಲೆ ಕೊಠಡಿ, ಆಸ್ಪತ್ರೆ, ರಸ್ತೆ ಕಾಮಗಾರಿಗಳಿಗೆ ಅದು. ಒಂದೇ ಬೆಳೆಯ ಎರಡು ಸಾಲು ಅದರ ಮೂರರಲ್ಲಿ ಎರಡು ಪಾಲಿನಷ್ಟು ಕೇಳುತ್ತಿವೆ. "ಮಂಡಳಿಯ ಅನುದಾನದಿಂದ ಕೊಡುತ್ತೇವೆ" ಎಂದು ಯಾರಾದರೂ ಉತ್ತರಿಸಿದರೆ, ಯಾವ ಶಾಲೆ, ಯಾವ ರಸ್ತೆಯನ್ನು ಬಿಡುತ್ತೀರಿ ಎಂದು ಮರುಪ್ರಶ್ನೆ ಹಾಕಬೇಕು. "ಸಾಲ ಮಾಡುತ್ತೇವೆ" ಎಂದರೆ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಅಡ್ಡ ಬರುತ್ತದೆ: ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ಮೀರಬಾರದು. "ಸೋರಿಕೆ ತಡೆದು ಉಳಿಸುತ್ತೇವೆ" ಎಂಬ ಉತ್ತರ ಎಲ್ಲ ಪಕ್ಷಗಳಿಗೂ ಪ್ರಿಯವಾದದ್ದು. ಎಷ್ಟು ಸೋರಿಕೆ, ಯಾವ ಇಲಾಖೆಯಲ್ಲಿ ಎಂದು ಹೇಳದ ಹೊರತು ಅದನ್ನು ಆದಾಯದ ಮೂಲವೆಂದು ನಾನು ಒಪ್ಪುವುದಿಲ್ಲ.

ಹೀಗೆ ಕೇಳುವುದು ನಮ್ಮ ಹಟವೇನಲ್ಲ. ಪ್ರಣಾಳಿಕೆಗಳ ಉಚಿತ ಕೊಡುಗೆಗಳನ್ನು ಪ್ರಶ್ನಿಸಿದ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಕೊಟ್ಟ ತೀರ್ಪಿನ ನಂತರ ಚುನಾವಣಾ ಆಯೋಗ ಮಾದರಿ ನೀತಿ ಸಂಹಿತೆಗೆ ಪ್ರಣಾಳಿಕೆಯ ಬಗ್ಗೆಯೇ ಒಂದು ಭಾಗವನ್ನು ಸೇರಿಸಿತು. ಭರವಸೆಗಳ ಹಿಂದಿನ ತರ್ಕ ಪ್ರಣಾಳಿಕೆಯಲ್ಲಿ ಕಾಣಬೇಕು, ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ಥೂಲವಾಗಿಯಾದರೂ ಸೂಚಿಸಬೇಕು, ಈಡೇರಿಸಲು ಸಾಧ್ಯವಾದ ಭರವಸೆಗಳ ಮೇಲೆ ಮಾತ್ರ ಮತದಾರರ ವಿಶ್ವಾಸ ಕೋರಬೇಕು ಎಂದು ಅದರಲ್ಲಿದೆ. "ಸ್ಥೂಲವಾಗಿ" ಎಂಬ ಪದ ಬಹಳ ಸಡಿಲ. ಅದರಿಂದಾಗಿ ಒಂದು ಸಾಲಿನ ಸಮಜಾಯಿಷಿಯೂ ನಡೆದುಹೋಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆಯೋಗ ಭರವಸೆಯ ವೆಚ್ಚ, ಫಲಾನುಭವಿಗಳ ವ್ಯಾಪ್ತಿ, ಹಣದ ಮೂಲ ತುಂಬುವ ನಮೂನೆಯೊಂದನ್ನು ಪಕ್ಷಗಳ ಮುಂದಿಟ್ಟು ಅಭಿಪ್ರಾಯ ಕೇಳಿತು. ಆ ನಮೂನೆಯ ಕೋಷ್ಟಕವನ್ನು ಮತದಾರರೇ ಹಾಳೆಯ ಮೇಲೆ ಎಳೆದುಕೊಂಡು ತುಂಬಬಹುದು. ನಾನು ಮೇಲೆ ಮಾಡಿದ್ದು ಅದನ್ನೇ.

ಇನ್ನು ವೈರುಧ್ಯದ ಪ್ರಶ್ನೆ. ಪ್ರಣಾಳಿಕೆಯ ಎರಡು ಸಾಲುಗಳು ಒಂದಕ್ಕೊಂದು ಎದುರು ನಿಂತಂತೆ ಕಂಡರೆ ಅದನ್ನು ಕೂಡಲೇ ವೈರುಧ್ಯ ಎಂದು ಕರೆಯಬಾರದು. ರೈತನಿಗೆ ದುಬಾರಿ ತೊಗರಿ, ಬಡವರಿಗೆ ಅಗ್ಗದ ಬೇಳೆ ಎಂಬುದು ಮೇಲ್ನೋಟಕ್ಕೆ ವಿರುದ್ಧ. ಆದರೆ ನಡುವಿನ ₹100ನ್ನು ಸರ್ಕಾರ ತುಂಬಿದರೆ ಎರಡೂ ನಡೆಯುತ್ತವೆ. ಅಲ್ಲಿರುವುದು ಹಣದ ಕೊರತೆ ಮಾತ್ರ. ನಿಜವಾದ ವೈರುಧ್ಯದ ಗುರುತು ಬೇರೆ: ಹೆಚ್ಚು ಹಣ ಹಾಕಿದಷ್ಟೂ ಅದು ಹೆಚ್ಚುತ್ತದೆ.

ಎರಡನೆಯ ಮತ್ತು ಐದನೆಯ ಸಾಲುಗಳನ್ನು ಜೊತೆಗಿಡಿ. ತೊಗರಿಗೆ ₹10,000 ಖಾತ್ರಿಯಾದರೆ ಜೋಳ, ಹೆಸರು, ಉದ್ದು ಬಿತ್ತುತ್ತಿದ್ದ ಹೊಲಗಳೂ ತೊಗರಿಗೆ ತಿರುಗುತ್ತವೆ. ರೈತ ಹಾಗೆ ಮಾಡುವುದು ಸರಿಯಾದ ಲೆಕ್ಕಾಚಾರವೇ. ಹೀಗಿರುವಾಗ ಬೆಳೆ ವೈವಿಧ್ಯ ಎಲ್ಲಿಂದ ಬರಬೇಕು? ಇದರ ಹಿಂದೆ ಮಣ್ಣಿನ ಸಂಗತಿಯೂ ಇದೆ. ಜಿಲ್ಲೆಯ ತೊಗರಿಗೆ 2022-23ರಲ್ಲಿ ದೊಡ್ಡ ಪೆಟ್ಟು ಕೊಟ್ಟ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದೇ ಹೊಲಕ್ಕೆ ವರ್ಷ ವರ್ಷವೂ ತೊಗರಿ ಬಿತ್ತಿದರೆ ಆ ಶಿಲೀಂಧ್ರ ಹೆಚ್ಚುತ್ತಲೇ ಹೋಗುತ್ತದೆ. ಕಾಯಿ ಕಟ್ಟುವ ಹೊತ್ತಿಗೆ ಹಸಿರಾಗಿದ್ದ ಗಿಡ ಬಾಡಿ ನಿಲ್ಲುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಟಿಎಸ್-3ಆರ್‌ನಂಥ ನಿರೋಧಕ ತಳಿಗಳು ನೆರವಾಗುತ್ತವೆ, ಆದರೆ ಜೋಳದಂಥ ಬೆಳೆಯನ್ನು ಸರದಿಗೆ ತರುವುದು ಅದರ ಜೊತೆಗೆ ಬೇಕು. ದರ ಏರಿಸಿದಷ್ಟೂ ಸರದಿ ತಪ್ಪುತ್ತದೆ, ಸರದಿ ತಪ್ಪಿದಷ್ಟೂ ರೋಗ ಹೆಚ್ಚುತ್ತದೆ, ರೋಗ ಬಂದ ವರ್ಷ ಅದೇ ಸರ್ಕಾರ ಪರಿಹಾರಕ್ಕೂ ಹಣ ಹುಡುಕಬೇಕಾಗುತ್ತದೆ.

ನಾಲ್ಕನೆಯ ಸಾಲು ಹಣದ ಕೊರತೆ ಮತ್ತು ವೈರುಧ್ಯ ಇವೆರಡರ ನಡುವೆ ಇದೆ. ದಾಲ್‌ಮಿಲ್‌ಗೆ ಅಗ್ಗದ ತೊಗರಿ ಸಿಗಬೇಕಾದರೆ ಸರ್ಕಾರ ₹10,000ಕ್ಕೆ ಕೊಂಡದ್ದನ್ನು ₹7,000ಕ್ಕೆ ಮಾರಬೇಕು. ಅಂದರೆ ನಾವು ಮೇಲೆ "ನಷ್ಟ" ಎಂದು ಬರೆದ ₹3,000 ನಿಜಕ್ಕೂ ಕೊಳ್ಳುವವರಿಗೆ ಸೇರುವ ಸಹಾಯಧನ. ಪ್ರಣಾಳಿಕೆ ಅದನ್ನು ಎಲ್ಲಿಯೂ ಹೇಳುವುದಿಲ್ಲ. ಇಲ್ಲಿಯವರೆಗೆ ಇದು ಹಣದ ವಿಷಯ. ಆದರೆ ಮಾರುಕಟ್ಟೆಯಲ್ಲಿ ₹7,000ಕ್ಕೆ ಸಿಗುವ ಕಾಳನ್ನು ಖರೀದಿ ಕೇಂದ್ರದಲ್ಲಿ ₹10,000ಕ್ಕೆ ಕೊಡಬಹುದಾದರೆ ಅದೇ ಚೀಲ ತಿರುಗಿ ಬರಲು ಎಷ್ಟು ಹೊತ್ತು ಬೇಕು? ನಮ್ಮದು ಗಡಿ ಸೀಮೆ. ಒಂದು ಕಡೆ ಅಕ್ಕಲಕೋಟೆ, ಸೊಲ್ಲಾಪುರ, ಲಾತೂರು, ಇನ್ನೊಂದು ಕಡೆ ತಾಂಡೂರು, ಜಹೀರಾಬಾದ್. ಆ ಊರುಗಳ ಸುತ್ತಲೂ ತೊಗರಿ ಬೆಳೆಯುತ್ತದೆ. ಕ್ವಿಂಟಲ್‌ಗೆ ₹3,000 ಅಂತರವಿದ್ದರೆ ಲಾರಿ ಬಾಡಿಗೆ ಯಾರಿಗೂ ಹೊರೆಯಾಗದು. ಖರೀದಿಯಲ್ಲಿ ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದ ನೋಂದಣಿ, ಪಹಣಿಯ ಬೆಳೆ ವಿವರ, ಎಕರೆಗೆ ಇಷ್ಟೇ ಕ್ವಿಂಟಲ್ ಎಂಬ ಮಿತಿ ಇರುವುದು ಈ ತಿರುಗಾಟವನ್ನು ತಡೆಯಲಿಕ್ಕಾಗಿ. "ಎಲ್ಲ ತೊಗರಿ" ಎಂಬ ಎರಡು ಪದಗಳು ಆ ಮಿತಿಯನ್ನೇ ತೆಗೆದುಹಾಕುತ್ತವೆ. ಹೆಚ್ಚು ಹಣ ಇಟ್ಟಷ್ಟೂ ಹೊರಗಿನ ಕಾಳು ಹೆಚ್ಚು ಬರುತ್ತದೆ. 10 ಲಕ್ಷ ಟನ್ ಎಂಬ ನಮ್ಮ ಲೆಕ್ಕವೂ ಆಗ ಉಳಿಯುವುದಿಲ್ಲ.

ದಾಲ್‌ಮಿಲ್ ವಿಷಯದಲ್ಲಿ "ವಿದೇಶಿ ತೊಗರಿ ತಡೆಯುತ್ತೇವೆ" ಎಂಬ ಮಾತು ರಾಜ್ಯದ ಪ್ರಣಾಳಿಕೆಯಲ್ಲಿ ಬಂದರೆ ಅದನ್ನು ಬೇರೆಯಾಗಿಯೇ ಗುರುತು ಹಾಕಬೇಕು. ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಬರುವ ತೊಗರಿಯ ಆಮದನ್ನು 2021ರ ಮೇ ತಿಂಗಳಲ್ಲಿ ಮುಕ್ತಗೊಳಿಸಿದ್ದು ಕೇಂದ್ರ ಸರ್ಕಾರ. ವಿದೇಶಿ ವ್ಯಾಪಾರ ಸಂವಿಧಾನದ ಪ್ರಕಾರ ಕೇಂದ್ರದ ಅಧಿಕಾರ. ರಾಜ್ಯ ಸರ್ಕಾರ ಪತ್ರ ಬರೆಯಬಹುದು, ನಿಯೋಗ ಒಯ್ಯಬಹುದು, ತಡೆಯಲಾರದು.

ಇದೇ ಪರೀಕ್ಷೆಯನ್ನು ಯಾದಗಿರಿಯ ನೀರಾವರಿ ಪುಟಕ್ಕೂ ಹಚ್ಚಬಹುದು. "ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಅಂಚಿನ ಹೊಲಕ್ಕೂ ನೀರು" ಎಂಬ ಸಾಲು ಮತ್ತು "ಭತ್ತದ ಬೆಳೆಗಾರರಿಗೆ ವಿಶೇಷ ಪ್ರೋತ್ಸಾಹ" ಎಂಬ ಸಾಲು ಒಂದೇ ಪುಟದಲ್ಲಿದ್ದರೆ ನಿಲ್ಲಿ. ಆ ಕಾಲುವೆ ಜಾಲ ರೂಪುಗೊಂಡದ್ದು ಕಡಿಮೆ ನೀರು ಬೇಡುವ ಬೆಳೆಗಳನ್ನು ನೆಚ್ಚಿ. ಮೇಲ್ಭಾಗದ ಸುರಪುರ, ಶಹಾಪುರದ ಗದ್ದೆಗಳಲ್ಲಿ ಭತ್ತ ಹೆಚ್ಚಿದಂತೆ ಜೇವರ್ಗಿ ಕಡೆಯ ಕೊನೆಯ ಹೊಲಗಳಿಗೆ ನೀರು ಇಳಿಯುವುದು ಕಡಿಮೆಯಾಗುತ್ತದೆ. ಭತ್ತಕ್ಕೆ ಹೆಚ್ಚು ಪ್ರೋತ್ಸಾಹ ಕೊಟ್ಟಷ್ಟೂ ಮೊದಲ ಭರವಸೆ ದೂರವಾಗುತ್ತದೆ. ಹಣ ಸುರಿದು ಬಿಡಿಸಲಾಗದ ಗಂಟು ಇದೂ ಹೌದು.

ಇಂಥ ಗಂಟನ್ನು ಬಿಡಿಸುವುದು ಭರವಸೆಯ ರಚನೆಯನ್ನೇ ಬದಲಿಸಿದಾಗ. ತೊಗರಿಯ ಪುಟವನ್ನು ನಾನು ತಿದ್ದಿದರೆ ಹೀಗೆ ಬರೆಯುತ್ತೇನೆ: "ಕೇಂದ್ರದ ಬೆಂಬಲ ಬೆಲೆಯ ಮೇಲೆ ಕ್ವಿಂಟಲ್‌ಗೆ ₹500 ಪ್ರೋತ್ಸಾಹಧನವನ್ನು 4 ಲಕ್ಷ ಟನ್‌ವರೆಗೆ ಕೊಡುತ್ತೇವೆ. ಕೇಂದ್ರದ ಅನುಮತಿ ಇದಕ್ಕಿಂತ ಕಡಿಮೆಯಾದರೆ ಅಷ್ಟಕ್ಕೆ ಸೀಮಿತ. ವರ್ಷದ ಗರಿಷ್ಠ ವೆಚ್ಚ ₹200 ಕೋಟಿ, ಕೃಷಿ ಮಾರಾಟ ಇಲಾಖೆಯ ಬಜೆಟ್‌ನಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸುತ್ತೇವೆ. ಹಿಂದಿನ ವರ್ಷದ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನಲ್ಲಿ ತೊಗರಿಯಲ್ಲದ ಬೆಳೆ ದಾಖಲಾಗಿದ್ದರೆ ಪೂರ್ತಿ ₹500, ಇಲ್ಲದಿದ್ದರೆ ₹250. ಖರೀದಿ ಕೇಂದ್ರಗಳು ಡಿಸೆಂಬರ್ 15ರೊಳಗೆ ತೆರೆಯುತ್ತವೆ. ತೂಕವಾದ ಹದಿನೈದು ದಿನಗಳೊಳಗೆ ಹಣ ಖಾತೆಗೆ ಬೀಳುತ್ತದೆ. ಐದು ಎಕರೆಯೊಳಗಿನ ರೈತರಿಂದ ಎಷ್ಟು ಖರೀದಿಯಾಯಿತು ಎಂಬುದನ್ನು ಪ್ರತಿ ಏಪ್ರಿಲ್‌ನಲ್ಲಿ ತಾಲ್ಲೂಕುವಾರು ಪ್ರಕಟಿಸುತ್ತೇವೆ."

ಇದರಲ್ಲಿಯೂ ದೋಷಗಳಿವೆ. ಬೆಳೆ ಸಮೀಕ್ಷೆಯಲ್ಲಿ ತಪ್ಪು ಬೆಳೆ ದಾಖಲಾದರೆ ಪ್ರಾಮಾಣಿಕ ರೈತ ₹250 ಕಳೆದುಕೊಳ್ಳುತ್ತಾನೆ, ಹಾಗಾಗಿ ಆಕ್ಷೇಪಣೆಗೆ ಬಿತ್ತನೆಯ ನಂತರವೇ ಅವಕಾಶ ಇಡಬೇಕು. ಲಾವಣಿಗೆ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಅವನ ಪಾಲಿನ ಹಣ ಹೊಲದ ಒಡೆಯನ ಖಾತೆಗೆ ಹೋಗುತ್ತದೆ. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಲಾವಣಿದಾರರನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹಂಗಾಮಿಗೊಮ್ಮೆ ನೋಂದಾಯಿಸುವ ಒಂದು ಸಾಲು ಸೇರಿಸಬೇಕು ಎಂದು ನನ್ನ ಅಭಿಪ್ರಾಯ. ಗೋಡೆಯ ಮೇಲೆ ₹10,000 ಎಂದು ಬರೆದ ಪಕ್ಕದಲ್ಲಿ ₹500 ಸಣ್ಣದಾಗಿ ಕಾಣುತ್ತದೆ ಎಂಬುದೂ ನಿಜ. ಆದರೆ ಈ ಪುಟದ ಬಹುತೇಕ ಪ್ರತಿ ಸಾಲಿಗೂ ಒಂದು ತಾರೀಕು ಅಥವಾ ಮೊತ್ತ ಇದೆ. ಡಿಸೆಂಬರ್ 16ರಂದು ಆಳಂದದ ಖರೀದಿ ಕೇಂದ್ರದ ಬಾಗಿಲು ಮುಚ್ಚಿದ್ದರೆ, ಅಲ್ಲಿ ಚೀಲ ಇಳಿಸಲು ಬಂದ ರೈತ ಆ ಪುಟ ತೆಗೆದು ಅಭ್ಯರ್ಥಿಯ ಮುಂದೆ ಹಿಡಿಯಬಹುದು.